ಚಾಕೊಲೇಟ್ ಹಾಲಿನಲ್ಲಿರುವ 407, ಮತ್ತು ತಮ್ಮನ ಕರುಳು

ಪ್ರಶ್ನೆ: ನನ್ನ ತಮ್ಮನಿಗೆ ಅಲ್ಸರೇಟಿವ್ ಕೊಲೈಟಿಸ್ ಅನ್ನೋ ದೊಡ್ಡ ಕರುಳಿನ ಉರಿಯೂತದ ಕಾಯಿಲೆ ಇದೆ, ಸದ್ಯ ಹತೋಟಿಯಲ್ಲಿದೆ. ಅವನು ದಿನಾ ಕುಡಿಯೋ ಚಾಕೊಲೇಟ್ ಹಾಲಿನ ಬಾಟಲಿ ಮೇಲೆ ‘ಸ್ಟೆಬಿಲೈಸರ್ 407’ ಅಂತಿದೆ. ಅದರಿಂದ ಕರುಳಲ್ಲಿ ಹುಣ್ಣಾಗುತ್ತೆ ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜನಾ?

ವಾಟ್ಸಾಪ್‌ನವರು ಹೇಳಿದಷ್ಟು ನಿಜವಲ್ಲ. ಆದರೆ ನಿಮ್ಮ ತಮ್ಮನ ವಿಷಯದಲ್ಲಿ ನಾನು ಆ ಬಾಟಲಿ ಬಿಡಿಸುತ್ತಿದ್ದೆ. ಯಾಕೆ ಅಂತ ಹೇಳ್ತೀನಿ. ಒಂದು ಡೈರಿಯ ಲ್ಯಾಬಿನಲ್ಲಿ ಕೆಲವು ವರ್ಷ ಕೆಲಸ ಮಾಡಿದವನು ನಾನು, 407ರ ಚೀಲ ಬಿಚ್ಚಿ ತೂಗಿದ ಕೈ ಇದು.

407 ಅಂದರೆ ಕ್ಯಾರಜೀನನ್, ಕೆಂಪು ಕಡಲಪಾಚಿಯಿಂದ ತೆಗೆಯುವ ಪುಡಿ. ಹಾಲಿನ ಪ್ರೋಟೀನಿನ ಜೊತೆ ಸೇರಿ ಕಣ್ಣಿಗೆ ಕಾಣದ ತೆಳು ಬಲೆ ಹೆಣೆಯುತ್ತದೆ, ಕೋಕೋ ಕಣಗಳು ಆ ಬಲೆಯಲ್ಲಿ ತೂಗಿಕೊಂಡಿರುತ್ತವೆ. 1,000 ಲೀಟರ್ ಹಾಲಿಗೆ 200ರಿಂದ 300 ಗ್ರಾಂ ಸಾಕು. ಜಾಸ್ತಿಯಾದರೆ ಹಾಲು ಜೆಲ್ಲಿಯ ಹಾಗೆ ಕೂತುಬಿಡುತ್ತದೆ. ಒಮ್ಮೆ ಹೊಸ ಹುಡುಗನೊಬ್ಬ ಸಕ್ಕರೆಯಲ್ಲಿ ಬೆರೆಸದೆ ಪುಡಿಯನ್ನು ಹಾಗೇ ಸುರಿದ. ಹೊರಗೆ ಅಂಟು, ಒಳಗೆ ಒಣಪುಡಿ ಇರುವ ಗಂಟುಗಳಾದವು. ಮಾರನೇ ದಿನ ನೋಡಿದರೆ ಬಾಟಲಿಗಳ ತಳದಲ್ಲಿ ಬೆರಳು ದಪ್ಪದ ಕೋಕೋ ಗಸಿ, ಮೇಲೆ ಬಿಳಚಿದ ಹಾಲು.

ಹುಣ್ಣಿನ ಕಥೆ ಶುರುವಾಗಿದ್ದು 1969ರ ಸುಮಾರಿಗೆ. ಗಿನಿ ಪಿಗ್‌ಗಳಿಗೆ ನೀರಿನಲ್ಲಿ ಕೊಟ್ಟಾಗ ದೊಡ್ಡ ಕರುಳಲ್ಲಿ ಹುಣ್ಣಾಯಿತು. ಆದರೆ ಕೊಟ್ಟಿದ್ದು ಆಸಿಡ್‌ನಲ್ಲಿ ಕಾಯಿಸಿ ಕತ್ತರಿಸಿದ ಕ್ಯಾರಜೀನನ್. ಅದಕ್ಕೆ ಈಗ ಪೊಲಿಜೀನನ್ ಅಂತಲೇ ಬೇರೆ ಹೆಸರಿದೆ, ಆಹಾರದಲ್ಲಿ ಬಳಸುವಂತಿಲ್ಲ. ಅದರ ಅಣುತೂಕ 10ರಿಂದ 20 ಸಾವಿರ ಡಾಲ್ಟನ್; ಹಾಲಿಗೆ ಹಾಕುವುದರದ್ದು 2 ಲಕ್ಷ ದಾಟಿರುತ್ತದೆ. ಒಂದು ಚೂರು ದಾರ, ಇನ್ನೊಂದು ಇಡೀ ಉಂಡೆ. ನಿಮಗೆ ಬಂದ ಸಂದೇಶ ಎರಡನ್ನೂ ಒಂದೇ ಮಾಡಿದೆ. ಹಾಗಂತ ಇಲ್ಲಿಗೇ ಕಡತ ಮುಚ್ಚುವ ಹಾಗೂ ಇಲ್ಲ, ಯಾಕೆಂದರೆ ಆಮೇಲೆ ಉದ್ದ ಅಣುವಿನ ಕ್ಯಾರಜೀನನ್ನನ್ನೇ ಮನುಷ್ಯರಿಗೆ ಕೊಟ್ಟು ನೋಡಿದ್ದಾರೆ.

2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗ ನಿಮ್ಮ ತಮ್ಮನಂಥವರ ಮೇಲೇ ಮಾಡಿದ್ದು: ಅಲ್ಸರೇಟಿವ್ ಕೊಲೈಟಿಸ್ ಇದ್ದು ಸದ್ಯ ಶಾಂತವಾಗಿರುವವರು. ಎಲ್ಲರಿಗೂ ಊಟದಲ್ಲಿ ಕ್ಯಾರಜೀನನ್ ಬಿಡಿಸಿ, ಕೆಲವರಿಗೆ ಮಾತ್ರ ದಿನಕ್ಕೆ 200 ಮಿಲಿಗ್ರಾಂನಂತೆ ಕ್ಯಾಪ್ಸೂಲ್‌ನಲ್ಲಿ ಕೊಟ್ಟರು, ಉಳಿದವರಿಗೆ ಹುಸಿ ಕ್ಯಾಪ್ಸೂಲ್. ಕ್ಯಾರಜೀನನ್ ತಗೊಂಡ 5 ಜನರಲ್ಲಿ 3 ಜನರಿಗೆ ಕಾಯಿಲೆ ಮರುಕಳಿಸಿತು. ಹುಸಿ ಕ್ಯಾಪ್ಸೂಲಿನ 7 ಜನರಲ್ಲಿ ಒಬ್ಬರಿಗೂ ಇಲ್ಲ. ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಒಟ್ಟು ಜನ ಹನ್ನೆರಡೇ. ಆ ಮೂವರಲ್ಲಿ ಒಬ್ಬರು ಚೆನ್ನಾಗಿದ್ದಿದ್ದರೆ ಈ ವ್ಯತ್ಯಾಸವನ್ನು ಆಕಸ್ಮಿಕ ಅಂತ ತಳ್ಳಿಹಾಕಬಹುದಿತ್ತು.

ಈಗ ಬಾಟಲಿಗೆ ಲೆಕ್ಕ ಹಾಕಿ. ನಾನು ಹೇಳಿದ ಪ್ರಮಾಣದಲ್ಲಿ 200 ಮಿಲಿ ಬಾಟಲಿಗೆ 40ರಿಂದ 60 ಮಿಲಿಗ್ರಾಂ ಬರುತ್ತದೆ. ಅಂದರೆ ಪ್ರಯೋಗದ ಪ್ರಮಾಣ ಮುಟ್ಟಲು ದಿನಕ್ಕೆ ನಾಲ್ಕೈದು ಬಾಟಲಿ ಬೇಕು. ಹಾಲಿನಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಕ್ಯಾಪ್ಸೂಲ್‌ನಲ್ಲಿ ಬಿಡಿಯಾಗಿರುತ್ತದೆ, ಇದೂ ಒಂದು ಅಂತರ. ಆದರೆ ಐಸ್‌ಕ್ರೀಂ, ಡಬ್ಬಿ ಕ್ರೀಂ, ಬಾದಾಮಿ-ಸೋಯಾ ಪಾನೀಯಗಳಲ್ಲೂ 407 ಇರಬಹುದು. ಕೂಡುತ್ತಾ ಹೋದರೆ ಕೆಲವರಿಗೆ ಆ ಅಂಕಿ ತೀರಾ ದೂರದ್ದೇನಲ್ಲ.

ಆರೋಗ್ಯವಂತರ ಬಗ್ಗೆ 2024ರಲ್ಲಿ ಜರ್ಮನಿಯಿಂದ ಬಂದ ಅಧ್ಯಯನ ಇದೆ. 20 ಯುವಕರು ಎರಡು ವಾರ ದಿನಕ್ಕೆ 500 ಮಿಲಿಗ್ರಾಂ ತಗೊಂಡರು. ಕರುಳಿನ ಗೋಡೆ ಸ್ವಲ್ಪ ಹೆಚ್ಚು ಸೋರತೊಡಗಿತು, ಅಂದರೆ ಒಳಗೆ ಹೋಗಬಾರದ ಕಣಗಳನ್ನು ಬಿಟ್ಟುಕೊಂಡಿತು. ಯಾರಿಗೂ ಹುಣ್ಣಾದ ವರದಿ ಇಲ್ಲ. ಎರಡು ವಾರದ ಸೋರುವಿಕೆ ಹತ್ತು ವರ್ಷಕ್ಕೆ ಕಾಯಿಲೆಯಾಗುತ್ತದೆ ಅನ್ನುವುದಕ್ಕೆ ಅದರಲ್ಲಿ ಪುರಾವೆ ಇಲ್ಲ.

‘ಸ್ಟೆಬಿಲೈಸರ್’ ಅಂತ ಇದ್ದಿದ್ದೆಲ್ಲಾ ಒಂದೇ ಅಂದುಕೊಳ್ಳಬೇಡಿ. 412 ಅಂದರೆ ಗೌರ್ ಗಮ್, ನಮ್ಮ ಗೋರಿಕಾಯಿ ಬೀಜದ ಹಿಟ್ಟು. 406 ಚೈನಾ ಗ್ರಾಸ್. ಅದೂ ಕಡಲಪಾಚಿಯದ್ದೇ, ಆದರೆ ಬೇರೆ ವಸ್ತು. 466, ಅಂದರೆ ಸಸ್ಯನಾರಿನಿಂದ ಮಾಡುವ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಮಾತ್ರ ನಾನು ಗಮನಿಸುವ ಇನ್ನೊಂದು ಸಂಖ್ಯೆ. ಅದನ್ನು ದಿನಕ್ಕೆ 15 ಗ್ರಾಂ, ಅಂದರೆ ಯಾರೂ ಸಾಮಾನ್ಯವಾಗಿ ತಿನ್ನದಷ್ಟು, ಹನ್ನೊಂದು ದಿನ ಕೊಟ್ಟಾಗ ಕರುಳಿನ ಬ್ಯಾಕ್ಟೀರಿಯಾಗಳ ವೈವಿಧ್ಯ ಕುಗ್ಗಿತು. ತಗೊಂಡ 7 ಜನರಲ್ಲಿ ಇಬ್ಬರಿಗೆ ಮಾತ್ರ ಬ್ಯಾಕ್ಟೀರಿಯಾಗಳು ಕರುಳಿನ ಲೋಳೆಪದರದ ಒಳಗೆ ನುಗ್ಗಿದ್ದವು. ಒಬ್ಬರಿಗೆ ಆಗಿದ್ದು ಇನ್ನೊಬ್ಬರಿಗೆ ಆಗುತ್ತದೆ ಅಂತೇನಿಲ್ಲ.

ಹಾಗಾಗಿ ನಿಮಗೆ, ನನಗೆ ಅಪರೂಪಕ್ಕೊಂದು ಬಾಟಲಿ ಚಿಂತೆಯ ವಿಷಯವಲ್ಲ. ತಮ್ಮನಿಗೆ ಬಿಟ್ಟರೆ ನಷ್ಟವಿಲ್ಲ, ಬಿಡದಿದ್ದರೆ ಒಂದು ಸಣ್ಣ ಅನುಮಾನ ಉಳಿಯುತ್ತದೆ. ಮಾತ್ರೆ ಮಾತ್ರ ನಿಲ್ಲಿಸಬಾರದು, 407 ಬಿಟ್ಟೆ ಅಂತ ಡಾಕ್ಟರಿಗೂ ಹೇಳಲಿ. ಹಾಲು ಅವನಿಗೆ ಒಗ್ಗುತ್ತಿದ್ದರೆ ಮನೆಯಲ್ಲೇ ಬಿಸಿ ಹಾಲಿಗೆ ಕೋಕೋ, ಸಕ್ಕರೆ ಕಲಸಿ ಕೊಡಿ. ಹತ್ತು ನಿಮಿಷದಲ್ಲಿ ಗಸಿ ತಳಕ್ಕೆ ಕೂರುತ್ತದೆ, ಲೋಟದಲ್ಲಿ ಚಮಚ ಬಿಟ್ಟಿರಲಿ.