ಡಾಂಬರು ರಸ್ತೆ ಗುತ್ತಿಗೆ: ಮಾರ್ಚ್ 31ಕ್ಕೆ ಎಷ್ಟು ಲಾಭ ತೆಗೆದುಕೊಳ್ಳಬಹುದು?

«200 ಲಕ್ಷದ ರಸ್ತೆ ಕೆಲಸ, ಜುಲೈ 1ಕ್ಕೆ ಶುರು. ಮಾರ್ಚ್ 31ರವರೆಗೆ 120 ಲಕ್ಷದ ಬಿಲ್ಲು ಪಾಸಾಗಿದೆ, ಕೈಗೆ 108 ಲಕ್ಷ ಬಂದಿದೆ. ರೋಲರಿನ ವರ್ಷದ ಸವಕಳಿ 4 ಲಕ್ಷ ಸೇರಿ ಖರ್ಚು 113 ಲಕ್ಷ. ಇದರಲ್ಲಿ ಅಳತೆ ಆಗದ ಕೆಲಸದ ಖರ್ಚು 10 ಲಕ್ಷ ಇದೆ. ಡಾಂಬರು ದರ ಏರಿದ್ದರಿಂದ 5.28 ಲಕ್ಷ ಹೆಚ್ಚುವರಿ ಕೇಳಿದ್ದೇನೆ, ಉತ್ತರ ಬಂದಿಲ್ಲ. ಲಾಭ 12.28 ಲಕ್ಷ ಎಂದು ಬರೆಯಲೇ?»

ಸರ್, ಬೇಡ. ನಿಮ್ಮ ಲೆಕ್ಕದಲ್ಲಿ ಖರ್ಚು ಹೆಚ್ಚಾಗಿ ಬಿದ್ದಿರುವುದೂ ಇದೆ, ಇನ್ನೂ ನಿಮ್ಮದಾಗದ ಆದಾಯ ಸೇರಿರುವುದೂ ಇದೆ.

ಮೊದಲು ರೋಲರು. ನೀವು ಮೇಲಿನ ಉತ್ತರವೊಂದರಲ್ಲಿ ತಿಳಿಸಿದಂತೆ ಅದರ ಬೆಲೆ 24 ಲಕ್ಷ, ಐದು ವರ್ಷದ ನಂತರ ಸಿಗುವ ಬೆಲೆ 4 ಲಕ್ಷ. ಅಂದರೆ ವರ್ಷಕ್ಕೆ 4 ಲಕ್ಷ ಸವಕಳಿ. ಆದರೆ ಅದು ಈ ಕೆಲಸದಲ್ಲಿ ಇದ್ದದ್ದು ಒಂಬತ್ತು ತಿಂಗಳು, ಹಾಗಾಗಿ ಈ ಗುತ್ತಿಗೆಯ ಮೇಲೆ ಬೀಳಬೇಕಾದದ್ದು 3 ಲಕ್ಷ ಮಾತ್ರ. ಮಳೆಗಾಲದಲ್ಲಿ ಸುಮ್ಮನೆ ನಿಂತಿದ್ದ ದಿನಗಳನ್ನು ಕಳೆಯಬೇಡಿ, ಏಕೆಂದರೆ ಅದು ಈ ಕೆಲಸಕ್ಕಾಗಿಯೇ ಅಲ್ಲಿ ನಿಂತಿತ್ತು. ಶೇ. 15ರ ದರದಲ್ಲಿ 3.60 ಲಕ್ಷ ಹಾಕಿ ಎಂದ ಗುಂಪಿನ ಸ್ನೇಹಿತರು ಹೇಳಿದ್ದು ಅರ್ಧ ಸರಿ: ಅದು ಆದಾಯ ತೆರಿಗೆಯ ಲೆಕ್ಕಕ್ಕೆ ಹೊಂದುತ್ತದೆ, ಗುತ್ತಿಗೆಯ ನಿಜವಾದ ಖರ್ಚನ್ನು ತಿಳಿಯಲು ಅಲ್ಲ. ಇದೇ ಗುಂಪಿನಲ್ಲಿ, ತಮ್ಮ ಟ್ರ್ಯಾಕ್ಟರನ್ನು ಗುತ್ತಿಗೆದಾರರಿಗೆ ಬಾಡಿಗೆಗೆ ಕೊಟ್ಟು ಅದರ ಸವಕಳಿಯನ್ನು ಗುತ್ತಿಗೆದಾರರ ಲೆಕ್ಕದಲ್ಲಿ ಹುಡುಕುತ್ತಿರುವ ಯಜಮಾನರ ಪ್ರಶ್ನೆಯೇ ಬೇರೆ. ಅಲ್ಲಿ ಗುತ್ತಿಗೆದಾರರಿಗೆ ಬಾಡಿಗೆಯೇ ಖರ್ಚು, ಸವಕಳಿ ಯಜಮಾನರದ್ದೇ.

ಹೀಗೆ ಒಟ್ಟು ಖರ್ಚು 112 ಲಕ್ಷಕ್ಕೆ ಇಳಿಯಿತು. ಅಳತೆ ಪುಸ್ತಕವಾದ ಎಂ.ಬಿ.ಯಲ್ಲಿ ಇನ್ನೂ ಏರದ ಕೆಲಸಕ್ಕೆ ತಗಲಿದ 10 ಲಕ್ಷವನ್ನು, ಲಾಭ ಸೇರಿಸದೆ, ಖರ್ಚಿನ ಬೆಲೆಗೇ ಮುಂದಕ್ಕೆ ಒಯ್ಯಬೇಕು. ಆಗ ಬಿಲ್ಲಾದ 120 ಲಕ್ಷದ ಕೆಲಸಕ್ಕೆ ತಗಲಿದ್ದು 102 ಲಕ್ಷ, ಮೇಲ್ನೋಟದ ಲಾಭ 18 ಲಕ್ಷ.

ಇನ್ನು ಡಾಂಬರು. ನೀವು ಹಾಕಿರುವ ಕರಾರಿನ ಪುಟದಲ್ಲಿ ಮೂಲ ದರ ಟನ್ನಿಗೆ 50,000 ರೂಪಾಯಿ ಎಂದೂ, ಅದರ ಮೇಲೆ ಶೇ. 5ರವರೆಗಿನ ಏರಿಕೆ ಗುತ್ತಿಗೆದಾರರದ್ದೇ ಎಂದೂ, ಹೆಚ್ಚುವರಿ ಹಣ ಅಂದಾಜುಪಟ್ಟಿಯ ಪ್ರಮಾಣಕ್ಕೆ ಮಾತ್ರ ಎಂದೂ ಇದೆ. ನೀವು 58,000ದಂತೆ 66 ಟನ್ ಕೊಂಡು ಪೂರ್ತಿ 8,000 ರೂಪಾಯಿ ವ್ಯತ್ಯಾಸ ಕೇಳಿದ್ದೀರಿ. ಕರಾರಿನಂತೆ ಎಣಿಕೆ 52,500ರ ಮೇಲಿಂದ ಆರಂಭವಾಗುತ್ತದೆ, ಅಂದರೆ ಟನ್ನಿಗೆ 5,500. ಈವರೆಗೆ ಡಾಂಬರು ಹಾಕಿದ ಭಾಗಕ್ಕೆ ಅಂದಾಜುಪಟ್ಟಿಯಲ್ಲಿರುವುದು 60 ಟನ್. ಆದ್ದರಿಂದ ನ್ಯಾಯವಾದ ಬೇಡಿಕೆ 3.30 ಲಕ್ಷ. ಉಳಿದ 6 ಟನ್ ಪದರ ದಪ್ಪವಾಗಿದ್ದರಿಂದಲೋ ಸೋರಿಕೆಯಿಂದಲೋ ಹೋಗಿದ್ದರೆ ಅದು ನಿಮ್ಮದೇ ನಷ್ಟ. ಆ 3.30 ಲಕ್ಷವನ್ನೂ ಎಂಜಿನಿಯರರು ಒಪ್ಪುವ ತನಕ ಲಾಭದಲ್ಲಿ ಸೇರಿಸಬೇಡಿ. ಎಷ್ಟೋ ಕರಾರುಗಳಲ್ಲಿ ಈ ಷರತ್ತು ಬೇರೆ ಬೇರೆ ಸೂಚ್ಯಂಕಗಳ ಸೂತ್ರದ ರೂಪದಲ್ಲಿರುತ್ತದೆ, ಆದ್ದರಿಂದ ಬೇರೆಯವರು ನನ್ನ ಈ ಲೆಕ್ಕವನ್ನು ತಮ್ಮ ಕೆಲಸಕ್ಕೆ ನೇರವಾಗಿ ಹೊಂದಿಸಬಾರದು.

ಈಗ 18 ಲಕ್ಷದಲ್ಲಿ ಎಷ್ಟನ್ನು ತೆಗೆದುಕೊಳ್ಳುವುದು? ಕೆಲಸ ಅರ್ಧ ದಾಟಿದ್ದರೆ ಮೂರನೇ ಎರಡು ಭಾಗ, ಅದನ್ನೂ ಕೈಗೆ ಬಂದ ಹಣದ ಪ್ರಮಾಣಕ್ಕೆ ಇಳಿಸಿ ಎಂಬುದು ಕಾಲೇಜಿನಲ್ಲಿ ಕಲಿಸುವ ಹಳೆಯ ರೂಢಿ. ಇಲ್ಲಿ 18ರ ಮೂರನೇ ಎರಡು 12, ಅದರ ಶೇ. 90 ಎಂದರೆ 10.80 ಲಕ್ಷ. ಗುಂಪಿನ ಲೆಕ್ಕಪರಿಶೋಧಕ ಮೇಡಂ ಕೂಡ ಇದನ್ನೇ ಹೇಳಿದ್ದಾರೆ. ನನಗೆ ಇದರಲ್ಲಿ ಒಂದು ಆತಂಕವಿದೆ: ಈ ರೂಢಿ ಮುಗಿದ ಕೆಲಸವನ್ನಷ್ಟೇ ನೋಡುತ್ತದೆ. ಉಳಿದ ಭಾಗ ಎರೆಮಣ್ಣಿನ ನೆಲದಲ್ಲಿದೆ, ಮುರಂ ದೂರದಿಂದ ತರಬೇಕು, ಇನ್ನೂ 75 ಲಕ್ಷ ಬೇಕಾಗಬಹುದು ಎಂದು ನೀವೇ ಬರೆದಿದ್ದೀರಿ. ಆಗ ಒಟ್ಟು ಖರ್ಚು 187 ಲಕ್ಷ, ಇಡೀ ಕೆಲಸದ ಲಾಭ 13 ಲಕ್ಷ ಮಾತ್ರ. ಅದರಲ್ಲಿ 10.80 ಲಕ್ಷವನ್ನು ಈಗಲೇ ತೆಗೆದುಕೊಂಡರೆ ಅತಿ ಕಷ್ಟದ ಭಾಗಕ್ಕೆ ಉಳಿಯುವುದು 2.20 ಲಕ್ಷ. ಆಗಿರುವ 112 ಲಕ್ಷದ ಖರ್ಚು 187ರಲ್ಲಿ ಸುಮಾರು ಶೇ. 60 ಆಗುವುದರಿಂದ, 13ರಲ್ಲಿ ಅದೇ ಪ್ರಮಾಣದ 7.80 ಲಕ್ಷವನ್ನು ತೆಗೆದುಕೊಳ್ಳುವುದು ನನ್ನ ಅಭಿಪ್ರಾಯ. ನಿರ್ಮಾಣ ಗುತ್ತಿಗೆಗಳ ಲೆಕ್ಕಕ್ಕೆಂದೇ ಇರುವ ಅಕೌಂಟಿಂಗ್ ಸ್ಟ್ಯಾಂಡರ್ಡ್ 7 ಕೂಡ ಇಡೀ ಕೆಲಸದ ಅಂದಾಜನ್ನೇ ಆಧಾರವಾಗಿ ಹಿಡಿಯುತ್ತದೆ; ಒಟ್ಟಿನಲ್ಲಿ ನಷ್ಟವೆಂದು ಕಂಡರೆ ಆ ನಷ್ಟವನ್ನು ಪೂರ್ತಿಯಾಗಿ ಈಗಲೇ ಬರೆಯಬೇಕು ಎನ್ನುತ್ತದೆ. ಏರಿಕೆಯ 3.30 ಲಕ್ಷಕ್ಕೆ ಮಂಜೂರಾತಿ ಬಂದರೆ ಒಟ್ಟು ಲಾಭ 16.30 ಲಕ್ಷವಾಗಿ, ಈ ವರ್ಷದ ಪಾಲು ಸುಮಾರು 9.78 ಲಕ್ಷಕ್ಕೆ ಏರುತ್ತದೆ.

ಆದರೆ ಇಲ್ಲಿ ಎಲ್ಲವೂ ಆ 75 ಲಕ್ಷದ ಮೇಲೆ ನಿಂತಿದೆ, ಮೇಡಂ ಅವರ ಆಕ್ಷೇಪವೂ ಅದೇ: ಊಹೆಯ ಅಂಕಿಗಿಂತ ಪಾಸಾದ ಬಿಲ್ಲು ಗಟ್ಟಿ ಎನ್ನುತ್ತಾರೆ. ಮುರಂ ಕ್ವಾರಿಯ ದರಪಟ್ಟಿ, ಸಾಗಣೆಯ ಕಿಲೋಮೀಟರು ಮತ್ತು ಉಳಿದ ಡಾಂಬರಿನ ಟನ್ನುಗಳನ್ನು ಇಲ್ಲಿ ಹಾಕಿದರೆ ಆ ಅಂದಾಜು ಎಷ್ಟು ನಂಬಲರ್ಹ ಎಂದು ಇಬ್ಬರೂ ನೋಡಬಹುದು. ಅದಕ್ಕೂ ಮೊದಲು 5.28ರ ಬೇಡಿಕೆಯ ಪತ್ರವನ್ನು ತಿದ್ದಿ, ಖರೀದಿಯ ಇನ್‌ವಾಯ್ಸ್‌ಗಳ ಜೊತೆಗೆ 3.30ಕ್ಕೆ ಮತ್ತೆ ಸಲ್ಲಿಸಿ.