ಬೆಳಕು ನೋಡುವ ಮಾದರಿಗೆ ಬಿಳಿ ಶೀಟ್ ಬೇಡ

ಪ್ರಶ್ನೆ: ಮನೆಯ ವಿನ್ಯಾಸ ಅಂತಿಮಗೊಳಿಸುವ ಮೊದಲು ಒಳಗೆ ಬೆಳಕು ಹೇಗೆ ಬೀಳುತ್ತದೆಂದು ನೋಡಲು ಕಾರ್ಡ್ ಮಾದರಿ ಮಾಡುತ್ತಿದ್ದೇನೆ. ನೀಟಾಗಿ ಕಾಣಲು ಯಾವ ಬಿಳಿ ಶೀಟ್ ಒಳ್ಳೆಯದು?

ಯಾವುದೂ ಬೇಡ. ಅಂದವಾದ ಬಿಳಿ ಶೀಟನ್ನೇ ನಂಬಿ ನಾನು ಒಂದು ಮನೆಗೆ ಕತ್ತಲೆ ತುಂಬಿದ್ದೇನೆ.

ಮೈಸೂರಿನಲ್ಲಿ 30×40 ಸೈಟು, ಎರಡು ಕಡೆ ಅಕ್ಕಪಕ್ಕದ ಮನೆಗಳ ಗೋಡೆ. ಹಜಾರಕ್ಕೆ ಕಿಟಕಿ ಇಡಲು ಜಾಗವಿರಲಿಲ್ಲ. ಆದ್ದರಿಂದ ನಡುಮನೆಯಲ್ಲಿ 4 ಅಡಿಗೆ 6 ಅಡಿಯ ಬೆಳಕಿಂಡಿಯನ್ನು ಎರಡು ಅಂತಸ್ತಿನ ಎತ್ತರಕ್ಕೆ ಬಿಟ್ಟೆ. 1:50 ಅಳತೆಯಲ್ಲಿ ಐವರಿ ಕಾರ್ಡಿನ ಮಾದರಿ ಮಾಡಿ ತಾರಸಿಗೆ ಒಯ್ದು ಒಳಗೆ ಇಣುಕಿದರೆ ಹಜಾರ ಹಾಲಿನಂತೆ ಬೆಳಗುತ್ತಿತ್ತು. ಮನೆಯವರಿಗೂ ತೋರಿಸಿದೆ, ಅವರು ಒಪ್ಪಿದರು. ಗೃಹಪ್ರವೇಶವಾದ ವಾರ ಹೋದಾಗ ಮಧ್ಯಾಹ್ನ ಹನ್ನೆರಡು ಗಂಟೆಗೆ ಆ ಮನೆಯ ಅಮ್ಮ ಟ್ಯೂಬ್‌ಲೈಟ್ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದರು.

ಹಳೆಯ ಮಾದರಿಯನ್ನು ಮತ್ತೆ ಬಿಸಿಲಿಗಿಟ್ಟು ಬೆಳಕಿಂಡಿಯ ಬಾಯನ್ನು ಅಂಗೈಯಿಂದ ಮುಚ್ಚಿದೆ. ಹಜಾರ ಆಗಲೂ ಬೆಳಗುತ್ತಲೇ ಇತ್ತು! ಬೆಳಕು ಬರುತ್ತಿದ್ದದ್ದು ತೆಳು ಕಾರ್ಡಿನ ಗೋಡೆಗಳ ಮೂಲಕ, ಅಂಟು ಸರಿಯಾಗಿ ಕೂರದ ಮೂಲೆಗಳ ಮೂಲಕ. ಇಟ್ಟಿಗೆ ಗೋಡೆ ಹಾಗೆ ಬೆಳಕು ಬಿಡುವುದಿಲ್ಲ. ಇದರ ಜೊತೆಗೆ ಬಣ್ಣವೂ ಮೋಸ ಮಾಡಿತ್ತು. ಬಿಳಿ ಕಾರ್ಡು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 80ರಷ್ಟನ್ನು ಹಿಂದಕ್ಕೆ ಚೆಲ್ಲುತ್ತದೆ. ನಾನು ಬೆಳಕಿಂಡಿಯ ಒಳಗೋಡೆಗೆ ಹೊದಿಸಿದ್ದು ಕಪ್ಪು ಕಡಪ ಕಲ್ಲು. ಅದು ಶೇ 20ರಷ್ಟನ್ನು ಚೆಲ್ಲಿದರೂ ಹೆಚ್ಚು. ಇಂಥ ಆಳವಾದ ಕಿಂಡಿಯಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಪುಟಿದೇ ಕೆಳಗಿಳಿಯಬೇಕು. ಎರಡು ಸಲ ಪುಟಿಯುವಷ್ಟರಲ್ಲಿ ಬಿಳಿ ಕಾರ್ಡಿನಲ್ಲಿ ನೂರಕ್ಕೆ 64 ಉಳಿದರೆ ಕಲ್ಲಿನಲ್ಲಿ ಉಳಿಯುವುದು 4. ಕೊನೆಗೆ ಕಲ್ಲಿನ ಮೇಲೆ ಬಿಳಿ ಬಣ್ಣ ಬಳಿಸಿದೆವು. ಸ್ವಲ್ಪ ಸುಧಾರಿಸಿತು, ಆದರೆ ಕಿಂಡಿಯ ಅಗಲವನ್ನು ಬದಲಿಸುವ ಕಾಲ ದಾಟಿತ್ತು.

ಕಟ್ಟಡದ ಗಾತ್ರ ನೋಡಲು 1:200ರ ತುಂಡುಗಳು ಸಾಕು, ಅವು ಯಾವ ಬಣ್ಣದ್ದಾದರೂ ಆಗಲಿ. ಪಕ್ಕದ ಮನೆಗಳನ್ನು ಮಾತ್ರ ಬಿಡಬೇಡಿ. ಬೆಳಕಿಗೆ 2 ಮಿ.ಮೀ. ಗ್ರೇ ಬೋರ್ಡ್ ತನ್ನಿ, ಮೂಲೆಗಳಿಗೆ ಹೊರಗಿನಿಂದ ಕಪ್ಪು ಟೇಪ್ ಹಚ್ಚಿ. ಒಳಗೆ ನಿಜವಾದ ನೆಲದ, ಗೋಡೆಯ ಬಣ್ಣಕ್ಕೆ ಹತ್ತಿರವಾದ ಕಾಗದ ಅಂಟಿಸಿ. ರೆಡ್ ಆಕ್ಸೈಡ್ ನೆಲವಾದರೆ ಕಡುಗೆಂಪು. 1:50ರ ಮಾದರಿಯ ನೆಲದಿಂದ 3 ಸೆಂ.ಮೀ. ಎತ್ತರದಲ್ಲಿ ಮೊಬೈಲ್ ಕ್ಯಾಮೆರಾಗೆ ತೂತು ಕೊರೆಯಿರಿ, ಅದು ನಿಂತವರ ಕಣ್ಣಿನ ಮಟ್ಟ. ಮೊದಲು ಬೆಳಕಿಂಡಿಯನ್ನೂ ಕಿಟಕಿಗಳನ್ನೂ ಪೂರ್ತಿ ಮುಚ್ಚಿ ನೋಡಿ. ಒಳಗೆ ಕಾರ್ಗತ್ತಲೆ ಕವಿಯದಿದ್ದರೆ ಆ ಮಾದರಿ ತೋರಿಸುವ ಯಾವ ಬೆಳಕನ್ನೂ ನಂಬಬೇಡಿ.

ಮೇಜಿನ ದೀಪ ಬೇಡ, ಅದರ ಕಿರಣಗಳು ಹರಡಿಕೊಳ್ಳುತ್ತವೆ. ಮಾದರಿಯ ತಳದ ಹಲಗೆಯ ಮೇಲೆ 4 ಸೆಂ.ಮೀ. ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ನೆರಳು ಮಾದರಿಯ ಉತ್ತರ ದಿಕ್ಕಿಗೆ ಸುಮಾರು 3 ಸೆಂ.ಮೀ. ಬೀಳುವವರೆಗೆ ಇಡೀ ಮಾದರಿಯನ್ನು ಬಿಸಿಲಿನಲ್ಲಿ ಓರೆ ಮಾಡಿ. ಮೈಸೂರು, ಬೆಂಗಳೂರಿನ ಕಡೆಗೆ ಅದೇ ಡಿಸೆಂಬರ್ 21ರ ನಡುಹಗಲಿನ ಸೂರ್ಯ. ನೆರಳನ್ನು 1 ಸೆಂ.ಮೀ.ಗೆ ಇಳಿಸಿದರೆ ಮಾರ್ಚ್ 21. ಮೋಡದ ದಿನ ಇನ್ನೊಮ್ಮೆ ಹೊರಗಿಟ್ಟು ನೋಡಿ, ಆಷಾಢದ ಹಜಾರ ಕಾಣುವುದು ಆಗಲೇ.