ವ್ಯಾಕರಣ ಪಾಠ: ಟೀಚರ್ ಕೈಯಿಂದ ಮಕ್ಕಳ ಕೈಗೆ

"ಕಾಸರಗೋಡು ಕಡೆಯ ಕನ್ನಡ ಮಾಧ್ಯಮ ಎಲ್‌ಪಿ ಶಾಲೆಯಲ್ಲಿ 4ನೇ ಕ್ಲಾಸಿಗೆ ಕನ್ನಡ ಕಲಿಸುತ್ತೇನೆ. ಬಂದನು, ಬಂದಳು, ಬಂದರು ಪಾಠವನ್ನು ಬೋರ್ಡಿನಲ್ಲಿ ವಿವರಿಸುವಾಗ ಎಲ್ಲರೂ ಸರಿ ಹೇಳುತ್ತಾರೆ. ಬರೆಯಲು ಕೊಟ್ಟರೆ ಅರ್ಧ ಕ್ಲಾಸು ತಪ್ಪು. ಯಾವ ಕ್ರಮದಲ್ಲಿ ಪಾಠ ಮಾಡಬೇಕು?"

ನೀವು ಹೇಳಿದ್ದು ನೋಡಿದರೆ ನಿಮ್ಮ ಪಾಠದಲ್ಲಿ ನಡುವಿನ ಹಂತ ತೀರಾ ಚಿಕ್ಕದಾಗಿದೆ ಅನ್ನಿಸುತ್ತದೆ. ಟೀಚರ್ ವಿವರಿಸಿದ್ದಾಯಿತು, ಎಲ್ಲರೂ ಒಟ್ಟಿಗೆ ಕೂಗಿ ಹೇಳಿದ್ದಾಯಿತು, ಕೂಡಲೇ ನೋಟ್‌ಬುಕ್ ತೆಗೆಯಿರಿ. ಆ ಕೂಗನ್ನು ನಂಬಬೇಡಿ. ಗೊತ್ತಿರುವ ಏಳೆಂಟು ಮಕ್ಕಳು ಮೊದಲು ಹೇಳುತ್ತಾರೆ, ಉಳಿದವರು ಅರೆಕ್ಷಣ ತಡವಾಗಿ ಅದನ್ನೇ ಹೇಳುತ್ತಾರೆ, ನಮ್ಮ ಕಿವಿಗೆ ಮಾತ್ರ ಇಡೀ ಕ್ಲಾಸು ಸರಿ ಹೇಳಿದ ಹಾಗೆ ಕೇಳುತ್ತದೆ.

ನಾನೂ ಇದೇ ಗಡಿ ಕಡೆಯ ಟೀಚರ್. ನಾನು ಪಾಠ ಮಾಡುವ ಕ್ರಮ ನನ್ನ ಸ್ವಂತದ್ದಲ್ಲ. ಪಿಯರ್ಸನ್ ಮತ್ತು ಗ್ಯಾಲಹರ್ ಎಂಬ ಇಬ್ಬರು 1983ರಲ್ಲಿ ಓದು ಕಲಿಸುವುದರ ಬಗ್ಗೆ ಬರೆಯುವಾಗ ಇದನ್ನು ಹೇಳಿದ್ದರು. ಮೊದಲು ಹೊಣೆಯೆಲ್ಲ ಟೀಚರದ್ದು, ಆಮೇಲೆ ಇಬ್ಬರದ್ದು, ಕೊನೆಗೆ ಮಗುವಿನದ್ದು. "ನಾನು ಮಾಡ್ತೇನೆ, ನಾವು ಮಾಡೋಣ, ನೀನು ಮಾಡು" ಅಂತ ಟ್ರೈನಿಂಗಿನಲ್ಲಿ ನೀವೂ ಕೇಳಿರಬಹುದು. ಹೇಳುವುದು ಸುಲಭ, ಕಷ್ಟ ಇರುವುದು "ನಾವು ಮಾಡೋಣ" ಅನ್ನುವುದರಲ್ಲಿ. 40 ನಿಮಿಷದ ಪೀರಿಯಡ್ ಇದ್ದರೆ ನಾನು ತೋರಿಸುವುದಕ್ಕೆ 8 ನಿಮಿಷ, ಒಟ್ಟಿಗೆ ಮಾಡುವುದಕ್ಕೆ 20 ನಿಮಿಷ, ಒಬ್ಬೊಬ್ಬರೇ ಬರೆಯುವುದಕ್ಕೆ 10 ನಿಮಿಷ ಇಡುತ್ತೇನೆ. ಉಳಿದದ್ದು ಹೇಗೂ ಹೋಗುತ್ತದೆ.

ಕ್ರಮಕ್ಕೆ ಬರುವ ಮೊದಲು ನಿಮ್ಮ ಮಕ್ಕಳ ಮನೆಮಾತು ಒಮ್ಮೆ ನೋಡಿ, ಯಾಕೆಂದರೆ ಈ ಪಾಠದಲ್ಲಿ ಎಲ್ಲರಿಗೂ ಒಂದೇ ಕಷ್ಟ ಅಲ್ಲ. ಮಲಯಾಳದಲ್ಲಿ ಅವನ್ ವನ್ನು, ಅವಳ್ ವನ್ನು, ಅವರ್ ವನ್ನು. ಯಾರು ಬಂದರೂ ಕ್ರಿಯಾಪದ ಬದಲಾಗುವುದಿಲ್ಲ. ಆ ಮನೆಯಿಂದ ಬಂದ ಮಗುವಿಗೆ ಕೊನೆ ಯಾಕೆ ಬದಲಾಗಬೇಕು ಅನ್ನುವುದೇ ಹೊಸ ವಿಷಯ. ತುಳು ಮನೆಯ ಮಗುವಿಗೆ ಹಾಗಲ್ಲ. ಆಯೆ ಬತ್ತೆ, ಆಳ್ ಬತ್ತಳ್, ಅಕುಲು ಬತ್ತೆರ್ ಅಂತ ದಿನಾ ಹೇಳುವ ಮಗು ಅದು, ಬೇಗ ಹಿಡಿಯುತ್ತದೆ. ಹವ್ಯಕ ಮನೆಯಲ್ಲಿ ಅಕ್ಕನಿಗೂ "ಬಂತು" ಅನ್ನುತ್ತಾರೆ. ಆ ಮಗು ಪುಸ್ತಕದಲ್ಲಿ "ಅಕ್ಕ ಬಂತು" ಅಂತ ಬರೆದರೆ ಅದು ತಪ್ಪು ಮಾತಾಡಿದ್ದಲ್ಲ, ತನ್ನ ಅಮ್ಮನ ಮಾತನ್ನೇ ಬರೆದದ್ದು. ಅದಕ್ಕೆ ಕೆಂಪು ಗೆರೆ ಹಾಕುವ ಮೊದಲು ಬೋರ್ಡಿನಲ್ಲಿ ಎರಡು ಕಡೆ ಬರೆಯಿರಿ: ಮನೆಯಲ್ಲಿ ಅಕ್ಕ ಬಂತು, ಪುಸ್ತಕದಲ್ಲಿ ಅಕ್ಕ ಬಂದಳು. ಎರಡೂ ಇರಲಿ. ಮಕ್ಕಳು ಇದನ್ನು ಬಹಳ ಬೇಗ ಒಪ್ಪಿಕೊಳ್ಳುತ್ತಾರೆ.

ಇನ್ನೊಂದು, ಮೊದಲ ದಿನಕ್ಕೆ ಮೂರೇ ಕೊನೆ ಸಾಕು: ನು, ಳು, ರು. ಓಡಿತು, ಓಡಿದವು ಮರುದಿನಕ್ಕೆ. ಅಜ್ಜ ಬಂದರು, ಟೀಚರ್ ಬಂದರು ಅನ್ನುವ ಮರ್ಯಾದೆಯ ರು ಅದಕ್ಕೂ ಆಮೇಲೆ. ಐದಾರು ವಿಷಯ ಒಂದೇ ಪೀರಿಯಡಿಗೆ ಹಾಕಿದರೆ ನಡುವಿನ ಹಂತಕ್ಕೆ ಸಮಯವೇ ಉಳಿಯುವುದಿಲ್ಲ.

ಈಗ ತೋರಿಸುವ ಹಂತ. ಬೋರ್ಡಿನಲ್ಲಿ ಕೊನೆ ಬಿಟ್ಟು ಬರೆಯುತ್ತೇನೆ: ಸುರೇಶ ಪೇಟೆಗೆ ಹೋದ__. ತಂಗಿ ತೋಟದಿಂದ ಅಡಿಕೆ ತಂದ__. ಮಕ್ಕಳು ಮೈದಾನಕ್ಕೆ ಓಡಿದ__. ಸುರೇಶ ತಂಗಿಗೆ ಚೀಲ ಕೊಟ್ಟ__. ಪೆನ್ಸಿಲ್ ಕೆಳಗೆ, ಯಾರೂ ಉತ್ತರ ಹೇಳುವ ಹಾಗಿಲ್ಲ, ನಾನೂ ಪ್ರಶ್ನೆ ಕೇಳುವುದಿಲ್ಲ. ನನ್ನ ತಲೆಯೊಳಗೆ ಏನು ನಡೆಯುತ್ತದೋ ಅದನ್ನು ಗಟ್ಟಿಯಾಗಿ ಹೇಳುತ್ತೇನೆ, ಅಷ್ಟೇ. ನಾಲ್ಕನೆಯ ವಾಕ್ಯಕ್ಕೆ ಹೀಗೆ: "ಇಲ್ಲಿ ಇಬ್ಬರಿದ್ದಾರೆ. ಸುರೇಶ, ತಂಗಿ. ಕೊಟ್ಟದ್ದು ಯಾರು? ತಂಗಿಗೆ ಚೀಲ ಸಿಕ್ಕಿತು, ಕೊಟ್ಟದ್ದು ಅವಳಲ್ಲ. ಕೊಟ್ಟದ್ದು ಸುರೇಶ. ಒಬ್ಬನಾ, ತುಂಬಾ ಜನವಾ? ಒಬ್ಬ. ಹುಡುಗನಾ, ಹುಡುಗಿಯಾ? ಹುಡುಗ. ಹಾಗಾದರೆ ಕೊಟ್ಟನು." ನಾಲ್ಕು ವಾಕ್ಯಕ್ಕೂ ಇದೇ ಮೂರು ಪ್ರಶ್ನೆ, ಇದೇ ಕ್ರಮ, ಇದೇ ಮಾತು. ಯಾರು? ಒಬ್ಬರಾ, ತುಂಬಾ ಜನವಾ? ಹುಡುಗನಾ, ಹುಡುಗಿಯಾ? (ತುಂಬಾ ಜನ ಅಂತಾದರೆ ಮೂರನೆಯದು ಬೇಡ, ನೇರವಾಗಿ ರು.) ಏಕವಚನ, ಬಹುವಚನ ಅಂತೆಲ್ಲ ನಿಯಮ ಬರೆಸುವುದು ಇವತ್ತು ಬೇಡ. ಮಗುವಿಗೆ ಬೇಕಾಗಿರುವುದು ತಾನೇ ಕೇಳಿಕೊಳ್ಳಬಹುದಾದ ಪ್ರಶ್ನೆ.

ಆ ನಾಲ್ಕನೆಯ ವಾಕ್ಯ ಬೇಕೆಂದೇ ಇಟ್ಟದ್ದು. ಮಕ್ಕಳು ಕ್ರಿಯಾಪದಕ್ಕೆ ಹತ್ತಿರ ಇರುವ ಹೆಸರನ್ನು ನೋಡಿ ಕೊನೆ ಹಾಕುತ್ತಾರೆ. ತಂಗಿ ಕಂಡಳು, ಹಾಗಾಗಿ ಕೊಟ್ಟಳು. ಸುಲಭದ ವಾಕ್ಯ ಮಾತ್ರ ತೋರಿಸಿದರೆ ಈ ತಪ್ಪು ಬೋರ್ಡಿನಲ್ಲಿ ಕಾಣುವುದೇ ಇಲ್ಲ, ನೋಟ್‌ಬುಕ್ಕಿನಲ್ಲಿ ಕಾಣುತ್ತದೆ. ನಿಮ್ಮ ಅರ್ಧ ಕ್ಲಾಸಿನ ತಪ್ಪಿನಲ್ಲಿ ಇದರ ಪಾಲು ದೊಡ್ಡದಿರಬಹುದು.

ನಡುವಿನ 20 ನಿಮಿಷಕ್ಕೆ ಬರೋಣ. ಪ್ರತಿ ಮಗುವಿನ ಹತ್ತಿರ ಮೂರು ಚೀಟಿ ಇರಲಿ, ನು, ಳು, ರು. ಹಳೆ ನೋಟ್‌ಬುಕ್ಕಿನ ರಟ್ಟಿನಲ್ಲಿ ಮಕ್ಕಳೇ ಮಾಡಿಕೊಳ್ಳುತ್ತಾರೆ. ಸ್ಲೇಟ್ ಇದ್ದರೂ ಸಾಕು. ವಾಕ್ಯ ಬರೆಯುತ್ತೇನೆ, ಯೋಚಿಸಲು ಸ್ವಲ್ಪ ಹೊತ್ತು ಸುಮ್ನೆ ಬಿಡುತ್ತೇನೆ, "ತೋರಿಸಿ" ಅಂದ ಮೇಲೆ ಎಲ್ಲರೂ ಒಟ್ಟಿಗೆ ಎತ್ತಬೇಕು. ಆಗ ಪಕ್ಕದವನನ್ನು ನೋಡಿ ಎತ್ತುವುದು ಕಡಿಮೆಯಾಗುತ್ತದೆ, ಯಾರಿಗೆ ಬಂದಿದೆ ಅಂತ ನನಗೂ ಕಾಣುತ್ತದೆ. ಫಾತಿಮಾ ತಮ್ಮನನ್ನು ಕರೆದ__. ಮೀನುಗಾರರು ಬಲೆ ಎಳೆದ__. ಸುರೇಶ ಗೆಳೆಯರ ಜೊತೆ ಬಸ್ಸು ಹತ್ತಿದ__. ಕೊನೆಯದಕ್ಕೆ ಹಲವರು ರು ಎತ್ತುತ್ತಾರೆ ನೋಡಿ, ಗೆಳೆಯರು ಅಡ್ಡ ಬಂದಿದ್ದಾರೆ. ಆಗ ಉತ್ತರ ಹೇಳಿಬಿಡಬೇಡಿ. "ಯಾರು ಹತ್ತಿದ್ದು ಅಂತ ವಾಕ್ಯ ಹೇಳುತ್ತದೆ?" ಅಂತ ಕೇಳಿ ಮತ್ತೆ ಎತ್ತಿಸಿ. ಸರಿ ಎತ್ತಿದ ಮಗುವನ್ನೂ "ಹೇಗೆ ಗೊತ್ತಾಯಿತು?" ಅಂತ ಕೇಳಿ. ಇಲ್ಲದಿದ್ದರೆ ಟೀಚರ್ ಪ್ರಶ್ನೆ ಕೇಳಿದರೆ ತಪ್ಪಾಗಿದೆ ಅಂತಲೇ ಲೆಕ್ಕ ಎಂದು ಮಕ್ಕಳು ಕಲಿತುಬಿಡುತ್ತಾರೆ.

ಈ ಹಂತದಲ್ಲಿ ನಿಧಾನವಾಗಿ ಬಿಡಬೇಕಾದದ್ದು ನಮ್ಮ ಪ್ರಶ್ನೆಗಳನ್ನು. ನನ್ನ ಮಟ್ಟಿಗೆ ಇಡೀ ಪಾಠದ ಜೀವ ಇದೇ. ಮೊದಲ ಕೆಲವು ವಾಕ್ಯಕ್ಕೆ ಮೂರೂ ಪ್ರಶ್ನೆ ನಾನೇ ಕೇಳುತ್ತೇನೆ. ಆಮೇಲೆ "ಯಾರು?" ಅಂತ ಮಾತ್ರ. ಆಮೇಲೆ ಬಾಯಿ ಬಿಡದೆ ವಾಕ್ಯದ ಕಡೆ ಬೆರಳು ತೋರಿಸುತ್ತೇನೆ. ಕೊನೆಗೆ ಅದೂ ಇಲ್ಲ, ವಾಕ್ಯ ಬರೆದು ಪಕ್ಕಕ್ಕೆ ನಿಲ್ಲುತ್ತೇನೆ. ವಾಕ್ಯ ಕಷ್ಟ ಆಗುತ್ತಾ ಹೋಗಬೇಕಾಗಿಲ್ಲ, ನನ್ನ ಸಹಾಯ ಕಡಿಮೆ ಆಗುತ್ತಾ ಹೋದರೆ ಸಾಕು. ಬೋರ್ಡಿನಲ್ಲಿ ಸರಿ, ಪುಸ್ತಕದಲ್ಲಿ ತಪ್ಪು ಆಗುವುದಕ್ಕೆ ಮುಖ್ಯ ಕಾರಣವೂ ಇಲ್ಲೇ ಇದೆ: ಬೋರ್ಡಿನ ಹತ್ತಿರ ಪ್ರಶ್ನೆ ಟೀಚರ್ ಕೇಳುತ್ತಿದ್ದರು, ಪುಸ್ತಕದ ಹತ್ತಿರ ಕೇಳುವವರು ಯಾರೂ ಇಲ್ಲ, ಮಗು ತಾನೇ ಕೇಳಿಕೊಳ್ಳಲು ಯಾರೂ ಅಭ್ಯಾಸ ಮಾಡಿಸಿಲ್ಲ.

ನಡುವೆ ಐದು ನಿಮಿಷ ಜೋಡಿ ಮಾಡಿಸಿದರೆ ಒಳ್ಳೆಯದು. ಮಲಯಾಳ ಮನೆಯ ಮಗುವಿನ ಪಕ್ಕ ತುಳು ಮನೆಯ ಮಗು. ನಿಯಮ ಒಂದೇ, ಉತ್ತರ ಹೇಳಿಕೊಡಬಾರದು, ಮೂರು ಪ್ರಶ್ನೆಗಳಲ್ಲಿ ಒಂದನ್ನು ಕೇಳಬಹುದು. ಇದನ್ನೂ ಮೊದಲು ಒಬ್ಬ ಮಗುವನ್ನು ಮುಂದೆ ಕರೆದು ಮಾಡಿ ತೋರಿಸಬೇಕು, ಇಲ್ಲದಿದ್ದರೆ ಅದು ಕಾಪಿ ಹೊಡೆಯುವುದೇ ಆಗುತ್ತದೆ.

ಒಬ್ಬೊಬ್ಬರೇ ಬರೆಯಲು ಯಾವಾಗ ಬಿಡುವುದು? ನನ್ನ ಲೆಕ್ಕ ಇಷ್ಟು: ನಾನು ಏನೂ ಸಹಾಯ ಮಾಡದೆ ಹತ್ತಕ್ಕೆ ಎಂಟು ಮಕ್ಕಳು ಸತತ ಎರಡು ವಾಕ್ಯಕ್ಕೆ ಸರಿ ಚೀಟಿ ಎತ್ತಬೇಕು, ಅದರಲ್ಲಿ ಒಂದು, ಇನ್ನೊಂದು ಹೆಸರು ಅಡ್ಡ ಬರುವ ವಾಕ್ಯ ಆಗಿರಬೇಕು. 80 ಶೇಕಡಾ ಅನ್ನುವುದನ್ನು ರೋಸೆನ್‌ಶೈನ್ ಎಂಬವರು 2012ರ ಲೇಖನದಲ್ಲಿ ಹೇಳಿದ್ದಾರೆ. 4ನೇ ಕ್ಲಾಸಿನ ಗಣಿತದ ಒಂದು ಅಧ್ಯಯನದಲ್ಲಿ ಒಳ್ಳೆಯ ಫಲ ಬಂದ ಟೀಚರ್‌ಗಳ ಕ್ಲಾಸಿನಲ್ಲಿ ಮಕ್ಕಳ ಉತ್ತರ 82 ಶೇಕಡಾ ಸರಿ ಇತ್ತು, ಫಲ ಕಡಿಮೆ ಇದ್ದಲ್ಲಿ 73 ಅಂತ ಅವರು ಅಲ್ಲಿ ಬರೆಯುತ್ತಾರೆ. ಅಷ್ಟು ಬಾರದಿದ್ದರೆ ಇವತ್ತು ಬರೆಸಲೇಬೇಡಿ. ಒಬ್ಬೊಬ್ಬರೇ ಬರೆಯುವ ಹಂತ ನಾಳೆಗೆ ಹೋದರೆ ನಷ್ಟ ಇಲ್ಲ. ತಪ್ಪನ್ನೇ ಹತ್ತು ಸಲ ಬರೆದರೆ ಅದೇ ಕೈಗೆ ಕೂರುತ್ತದೆ, ಅಳಿಸುವುದು ಮತ್ತೆ ಕಷ್ಟ ಅಲ್ವಾ?

ಬರೆಯಲು ಕೊಡುವಾಗ ಐದೇ ವಾಕ್ಯ, ಅದೂ ಚೀಟಿ ಎತ್ತಿಸಿದ ಜಾತಿಯದ್ದೇ. ಅಭ್ಯಾಸದ ಪುಟವನ್ನು ಹಾಗೇ ಕೊಟ್ಟರೆ ಅದರಲ್ಲಿ ಕಾಲ, ಲಿಂಗ, ವಚನ ಎಲ್ಲ ಕಲಸಿ ಇರುತ್ತದೆ, ಮಗು ಎಲ್ಲಿ ಎಡವಿತು ಅಂತ ಗೊತ್ತಾಗುವುದಿಲ್ಲ. ಒಂದು ಷರತ್ತು ಮಾತ್ರ ಇಡುತ್ತೇನೆ. ಕೊನೆ ತುಂಬುವ ಮೊದಲು ಕೆಲಸ ಮಾಡಿದವರ ಹೆಸರಿಗೆ ಗೆರೆ ಎಳೆಯಬೇಕು.

ಆ ಗೆರೆಯಿಂದ ನಿಮಗೆ ತುಂಬಾ ತಿಳಿಯುತ್ತದೆ. "ಸುರೇಶ ತಂಗಿಗೆ ಚೀಲ ಕೊಟ್ಟಳು" ಅಂತ ಬರೆದು ಗೆರೆ ತಂಗಿಗೆ ಬಿದ್ದಿದ್ದರೆ ಆ ಮಗುವಿಗೆ ಕೊನೆ ಗೊತ್ತಿದೆ, ಯಾರು ಮಾಡಿದ್ದು ಅನ್ನುವುದು ಗೊತ್ತಾಗಿಲ್ಲ. ಅಂಥವರನ್ನು ಕೂರಿಸಿಕೊಂಡು ವಾಕ್ಯ ಆಡಿ ತೋರಿಸಿ. ಒಬ್ಬ ಸುರೇಶ ಆಗಲಿ, ಒಬ್ಬಳು ತಂಗಿ ಆಗಲಿ, ನಿಜವಾದ ಚೀಲ ಕೊಡಲಿ. ಗೆರೆ ಸುರೇಶನಿಗೇ ಬಿದ್ದು ಕೊನೆ ತಪ್ಪಿದ್ದರೆ ಕತೆ ಬೇರೆ, ಕೊನೆಯೇ ಕೂತಿಲ್ಲ. ಅವರಿಗೆ ಇನ್ನೊಂದು ಹೆಸರು ಅಡ್ಡ ಬರುವ ವಾಕ್ಯ ಬೇಡವೇ ಬೇಡ. ಸುರೇಶ ಬಂದನು, ತಂಗಿ ಬಂದಳು, ಮಕ್ಕಳು ಬಂದರು, ಹೋದನು, ಹೋದಳು, ಹೋದರು ಅಂತ ಸುಲಭದ್ದನ್ನೇ ಚೀಟಿ ಹಿಡಿದು ಮತ್ತೆ ಮಾಡಿಸಿ. ಇಬ್ಬರಿಗೂ ಒಂದೇ ಮದ್ದು ಕೊಟ್ಟರೆ ಒಬ್ಬರಿಗೆ ಬೇಜಾರು, ಇನ್ನೊಬ್ಬರಿಗೆ ಗೊಂದಲ. ಉಳಿದ ಕ್ಲಾಸು ಬರೆಯುತ್ತಿರುವಾಗ ಈ ನಾಲ್ಕೈದು ಮಕ್ಕಳನ್ನು ನಿಮ್ಮ ಮೇಜಿನ ಹತ್ತಿರ ಕರೆದುಕೊಂಡರೆ ಸಾಕು, ಇಡೀ ಪಾಠ ಮತ್ತೆ ಎಲ್ಲರಿಗೂ ಮಾಡುವುದು ಬೇಡ.

ಬಿಟ್ಟ ಸ್ಥಳ ಸರಿ ತುಂಬಿದ ಮಗು ಸ್ವಂತ ಬರವಣಿಗೆಯಲ್ಲೂ ಸರಿ ಬರೆಯುತ್ತದೆ ಅಂತ ಮಾತ್ರ ಲೆಕ್ಕ ಹಾಕಬೇಡಿ. "ನಿನ್ನೆ ಮನೆಯಲ್ಲಿ ಯಾರು ಏನು ಮಾಡಿದರು" ಅಂತ ಮೂರು ವಾಕ್ಯ ಬರೆಯಲು ಹೇಳಿದರೆ ತಪ್ಪುಗಳು ವಾಪಸ್ ಬರುತ್ತವೆ, ಯಾಕೆಂದರೆ ಈಗ ಮಗು ಏನು ಹೇಳಬೇಕು ಅನ್ನುವುದನ್ನೂ ಯೋಚಿಸುತ್ತಿದೆ, ಕಾಗುಣಿತವನ್ನೂ ನೋಡುತ್ತಿದೆ. ಅಲ್ಲಿ ಬರೆಯುವಾಗ ತಿದ್ದಬೇಡಿ. ಬರೆದು ಮುಗಿದ ಮೇಲೆ ತನ್ನ ವಾಕ್ಯಕ್ಕೆ ತಾನೇ ಗೆರೆ ಎಳೆದು, ಮೂರು ಪ್ರಶ್ನೆ ಕೇಳಿಕೊಂಡು ಕೊನೆ ನೋಡಲಿ. ಇದು ಒಂದು ವಾರದಲ್ಲಿ ಮುಗಿಯುವ ಕೆಲಸ ಅಲ್ಲ, ಮಲಯಾಳ ಮನೆಯ ಮಕ್ಕಳಿಗೆ ಇನ್ನೂ ಜಾಸ್ತಿ ದಿನ ಬೇಕು.

ಮರುದಿನ ಪೀರಿಯಡ್ ಶುರುವಾಗುವಾಗ ಏನೂ ವಿವರಿಸದೆ ಎರಡು ವಾಕ್ಯ ಬರೆದು ಚೀಟಿ ಎತ್ತಿಸಿ. ಸರಿ ಬಂದರೆ "ನಾಯಿ ಓಡಿತು, ನಾಯಿಗಳು ಓಡಿದವು" ಶುರು ಮಾಡಿ, ಮೂರನೆಯ ಪ್ರಶ್ನೆ ಆಗ "ಹುಡುಗನಾ, ಹುಡುಗಿಯಾ, ಎರಡೂ ಅಲ್ಲವಾ?" ಅಂತ ಆಗುತ್ತದೆ, ತುಂಬಾ ಇದ್ದರೂ ಅದನ್ನು ಬಿಡುವ ಹಾಗಿಲ್ಲ. ಹವ್ಯಕ ಮನೆಯ ಮಕ್ಕಳಿಗೆ ಅವತ್ತು ಮನೆ, ಪುಸ್ತಕ ಅಂತ ಬರೆದ ಆ ಎರಡು ಸಾಲು ಮತ್ತೆ ಬೋರ್ಡಿನಲ್ಲಿ ಇರಲಿ. ಸರಿ ಬಾರದಿದ್ದರೆ ಹೊಸತು ಶುರು ಮಾಡಬೇಡಿ, "ಯಾರು?" ಅಂತ ಮಾತ್ರ ಕೇಳುವ ಹಂತಕ್ಕೆ ವಾಪಸ್ ಹೋಗಿ.